ಬಣ್ಣ ಬಳಿದರೆ ಹೊಗೆ ಹೋಗುವುದಿಲ್ಲ

ಬಾಡಿಗೆ ಮನೆ ನೋಡಲು ಬಂದವರು ಒಳಗೆ ಕಾಲಿಟ್ಟ ಕೂಡಲೇ ಮೂಗು ಹಿಂಡಿಕೊಂಡರೆ ಮನೆಯವರಿಂದ ಸಾಮಾನ್ಯವಾಗಿ ಒಂದೇ ಉತ್ತರ ಬರುತ್ತದೆ: "ಬಣ್ಣಾ ಹೊಡಸ್ತೀವ್ರೀ, ಎಲ್ಲಾ ಹೊಕ್ಕೈತಿ." ಹುಲಿಗಿ, ಮುನಿರಾಬಾದ್, ಗಿಣಿಗೇರಾ ಕಡೆ ಹೋಗಿ ಕೇಳಿ, ಕೊಪ್ಪಳ ಪಟ್ಟಣದಲ್ಲಿ ಕೇಳಿ, ಈ ಮಾತಿನಲ್ಲಿ ವ್ಯತ್ಯಾಸವಿಲ್ಲ. ಹಳೆಯ ಬಾಡಿಗೆದಾರ ಬಿಟ್ಟುಹೋದ ಸಿಗರೇಟು ವಾಸನೆಗೂ ವರ್ಷಗಟ್ಟಲೆ ಕರಿದ ಮಿರ್ಚಿಯ ಎಣ್ಣೆಕಮಟಿಗೂ ಒಂದು ಕೋಟ್ ಬಣ್ಣ, ಎರಡು ದಿನ ತೆರೆದ ಕಿಟಕಿ, ಒಂದಿಷ್ಟು ಲೋಬಾನದ ಹೊಗೆ ಸಾಕು ಎಂಬುದು ನಮ್ಮಲ್ಲಿ ಪ್ರಶ್ನೆಯೇ ಇಲ್ಲದೆ ನಡೆದುಬಂದ ನಂಬಿಕೆ. ಈ ನಂಬಿಕೆ ತಪ್ಪು. ತಪ್ಪಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮನೆ ಬಿಟ್ಟವನ ಅಡ್ವಾನ್ಸಿನಿಂದ ದುಡ್ಡು ಹಿಡಿದು, ಹೊಸದಾಗಿ ಬಂದವನಿಗೆ ಹಳೆಯ ಹೊಗೆಯನ್ನೇ ದಾಟಿಸುವ ಪದ್ಧತಿಯೊಂದು ಇದರ ಮೇಲೆ ನಿಂತಿದೆ.

ಮೊದಲು ಹೊಗೆ ಎಲ್ಲಿದೆ ಎಂಬುದನ್ನು ಸರಿಮಾಡಿಕೊಳ್ಳೋಣ. ವಾಸನೆ ಎಂದರೆ ಗಾಳಿಯಲ್ಲಿ ತೇಲುವ ಏನೋ ಒಂದು, ಗಾಳಿ ಬದಲಾದರೆ ಅದೂ ಹೋಗುತ್ತದೆ ಎಂದುಕೊಳ್ಳುತ್ತೇವೆ. ಸೇದುತ್ತಿರುವ ಹೊತ್ತಿಗೆ ಅದು ನಿಜ. ಆದರೆ ಸಿಗರೇಟಿನ ಹೊಗೆಯಲ್ಲಿರುವುದು ಕಣ್ಣಿಗೆ ಬೀಳದಷ್ಟು ಸಣ್ಣ ಟಾರ್ ಕಣಗಳು ಮತ್ತು ಆವಿ. ಬೆಚ್ಚಗಿನ ಹೊಗೆ ಮೇಲಕ್ಕೇರಿ ಛಾವಣಿ, ಗೋಡೆಯ ಮೇಲಿನ ಅರ್ಧ, ಪರದೆಯ ನೆರಿಗೆ, ಫ್ಯಾನಿನ ರೆಕ್ಕೆ ಹೀಗೆ ಸಿಕ್ಕಲ್ಲೆಲ್ಲ ಅಂಟಿಕೊಳ್ಳುತ್ತದೆ. ಅಲ್ಲಿಂದ ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಆವಿಯಾಗಿ ಮತ್ತೆ ಗಾಳಿಗೆ ಬರುತ್ತದೆ. ಕಿಟಕಿ ತೆರೆದಾಗ ಹೊರಗೆ ಹೋಗುವುದು ಆ ಹೊತ್ತಿಗೆ ಗಾಳಿಯಲ್ಲಿದ್ದಷ್ಟೇ, ಗೋಡೆಯಲ್ಲಿರುವ ದಾಸ್ತಾನು ಗೋಡೆಯಲ್ಲೇ ಉಳಿಯುತ್ತದೆ. ಸಂಜೆ ಕಿಟಕಿ ಮುಚ್ಚಿ ಮಲಗಿದರೆ ಬೆಳಿಗ್ಗೆಗೆ ವಾಸನೆ ಹಾಜರಾಗುವುದು ಇದರಿಂದಲೇ. ಮಳೆಗಾಲದಲ್ಲಿ ಗೋಡೆ, ಬಟ್ಟೆಗಳು ತೇವ ಎಳೆದುಕೊಂಡಾಗ ಅದು ಇನ್ನಷ್ಟು ಎದ್ದು ಬರುತ್ತದೆ.

ಇದು ಮೂಗಿನ ಭ್ರಮೆಯಲ್ಲ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಸಂಶೋಧಕರು ಧೂಮಪಾನಿಗಳು ಖಾಲಿ ಮಾಡಿದ ಮನೆಗಳಿಗೆ ಸೇದದವರು ಬಂದು ನೆಲೆಸಿದ ಮೇಲೆ ಹೋಗಿ ಪರೀಕ್ಷೆ ಮಾಡಿದರು. ಆ ಮನೆಗಳು ನಡುವೆ ಸುಮಾರು ಎರಡು ತಿಂಗಳು ಖಾಲಿ ಇದ್ದವು, ಹೊಸಬರು ಬರುವ ಮುಂಚೆ ಸ್ವಚ್ಛಗೊಳಿಸುವ ಕೆಲಸವೂ ಆಗಿತ್ತು. ಆದರೂ ಧೂಳಿನಲ್ಲಿ, ಮನೆಯೊಳಗಿನ ಮೇಲ್ಮೈಗಳಲ್ಲಿ, ಹೊಸದಾಗಿ ಬಂದವರ ಬೆರಳುಗಳ ಮೇಲೆ ಕೂಡ ನಿಕೋಟಿನ್ ಸಿಕ್ಕಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನ "ಬಣ್ಣ ಹೊಡೆಸಿದ್ದೀವಿ" ಎನ್ನುವ ಪ್ರತಿಯೊಬ್ಬ ಮಾಲೀಕರಿಗೂ ಉತ್ತರ. ಅದಕ್ಕೂ ಒಂದು ವರ್ಷ ಮುಂಚೆ ಬರ್ಕ್ಲಿಯ ಪ್ರಯೋಗಾಲಯದವರು ಇನ್ನೊಂದು ವಿಷಯ ತೋರಿಸಿದ್ದರು. ಮೇಲ್ಮೈಗೆ ಅಂಟಿದ ನಿಕೋಟಿನ್, ಗ್ಯಾಸ್ ಒಲೆ ಮತ್ತು ವಾಹನಗಳ ಹೊಗೆಯಿಂದ ಮನೆಯೊಳಗೆ ಸೇರುವ ನೈಟ್ರಸ್ ಆಮ್ಲದೊಂದಿಗೆ ಕೂಡಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳಾಗುತ್ತದೆ. ಅಂಬೆಗಾಲಿಡುವ ಕೂಸು ಗೋಡೆ ಹಿಡಿದು ನಿಂತು ಅದೇ ಕೈಯನ್ನು ಬಾಯಿಗಿಡುವ ಮನೆಯಲ್ಲಿ ಇದನ್ನು ಬರೀ ವಾಸನೆ ಎಂದು ಬಿಟ್ಟುಬಿಡಲಾಗದು.

ಇನ್ನು ನಮ್ಮ ಊರಿನ ಮಾತು. ಹುಲಿಗೆಮ್ಮನ ದರ್ಶನಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಬರುವ ಜನ ತಂಗುವ ಬಾಡಿಗೆ ಖೋಲಿಗಳಿವೆ. ಕಾರ್ಖಾನೆಗಳ ನೌಕರಿಗೆ ಬಂದವರು ಹಿಡಿದ ಎರಡು ಖೋಲಿ, ಒಂದು ಅಡುಗೆಮನೆಯ ಫ್ಲ್ಯಾಟುಗಳಿವೆ. ಇಲ್ಲಿ ಕಿಟಕಿ ಮುಚ್ಚಿಡುವುದು ಯಾರ ಸೋಮಾರಿತನವೂ ಅಲ್ಲ. ಗಿಣಿಗೇರಾ ಸುತ್ತಲಿನ ಉಕ್ಕಿನ ಕಾರ್ಖಾನೆಗಳ ಕಪ್ಪು ಧೂಳು ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ. ಆ ಧೂಳಿಗೆ ಬೇಸತ್ತೇ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಅಂಥ ಊರಿನಲ್ಲಿ ಕೂತು "ಕಿಟಕಿ ತೆರೆದಿಡಿ, ತಾನಾಗಿಯೇ ಹೋಗುತ್ತದೆ" ಎಂದು ಹೇಳುವವರಿಗೆ ಇಲ್ಲಿನ ಗಾಳಿ ಗೊತ್ತಿಲ್ಲ. ಧೂಳಿಗೆ ಹೆದರಿ ಮುಚ್ಚಿದ ಮನೆಯೊಳಗೆ ಒಬ್ಬ ಸೇದುತ್ತಾನೆ, ಒಬ್ಬಳು ಒಗ್ಗರಣೆ ಹಾಕುತ್ತಾಳೆ, ಎರಡೂ ಹೊಗೆ ಒಂದೇ ಗೋಡೆಗೆ ಬಡಿಯುತ್ತವೆ. ಬಾಡಿಗೆದಾರ ಹೋದ ಮೇಲೆ ಎರಡನ್ನೂ ಒಂದೇ ಬಣ್ಣದ ಕೆಳಗೆ ಮುಚ್ಚುತ್ತಾರೆ.

ಮುಚ್ಚಿದ್ದು ಏನಾಗುತ್ತದೆ ಎಂಬುದಕ್ಕೆ ಮುನಿರಾಬಾದ್ ಕಡೆ ನಾನು ಹತ್ತಿರದಿಂದ ನೋಡಿದ ಒಂದು ಫ್ಲ್ಯಾಟಿನ ಕತೆ ಸಾಕು. ಹಿಂದಿನವನು ಮಲಗುವ ಕೋಣೆಯಲ್ಲೇ ಸೇದುತ್ತಿದ್ದ. ಮಾಲೀಕರು ಹಳೆಯ ಡಿಸ್ಟೆಂಪರಿನ ಮೇಲೆ ತಿಳಿ ಕೆನೆಬಣ್ಣದ ಡಿಸ್ಟೆಂಪರನ್ನೇ ಇನ್ನೆರಡು ಕೋಟ್ ಹೊಡೆಸಿದರು. ಮೊದಲ ವಾರ ಹೊಸ ಬಣ್ಣದ ವಾಸನೆ ಎಲ್ಲವನ್ನೂ ಮರೆಸಿತು. ಮಳೆ ಶುರುವಾದ ಮೇಲೆ ಬಾಗಿಲ ಚೌಕಟ್ಟಿನ ಮೇಲೆ, ಬಚ್ಚಲಮನೆ ಕಡೆಯ ಗೋಡೆಯಲ್ಲಿ, ಫ್ಯಾನಿನ ಕೊಂಡಿಯ ಸುತ್ತ ಚಹಾದ ಬಣ್ಣದ ಕಲೆಗಳು ಹನಿಹನಿಯಾಗಿ ಮೂಡಿದವು. ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಕಂದು ಬಂತು, ಮೂಗಿಗೆ ಹಿಡಿದರೆ ಹಳೆಯ ಬೂದಿದಾನಿಯ ವಾಸನೆ. ಮಾಲೀಕರು ಅದನ್ನು ಗೋಡೆ ಸೋರುತ್ತಿದೆ ಎಂದು ತಿಳಿದು ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಲು ಹೊರಟಿದ್ದರು. ಸೋರಿಕೆ ಇರಲಿಲ್ಲ. ನಿಕೋಟಿನ್ ಮತ್ತು ಟಾರಿನ ಒಂದಿಷ್ಟು ಭಾಗ ನೀರಿಗೆ ಬಿಡುವ ವಸ್ತುಗಳು. ನೀರು ಬೆರೆಸಿ ಹೊಡೆಯುವ ಬಣ್ಣವೇ ಅವನ್ನು ಕರಗಿಸಿ ತನ್ನ ಮೇಲ್ಪದರಕ್ಕೆ ತಂದಿತ್ತು, ಉಳಿದ ಕೆಲಸವನ್ನು ಮಳೆಗಾಲದ ತೇವ ಮಾಡಿತ್ತು.

ಲೋಬಾನದ ವಿಷಯ ಎತ್ತಿದರೆ ಕೆಲವರು ಬೇಸರಪಡುತ್ತಾರೆ. ದೇವರ ಮುಂದೆ ಊದುಬತ್ತಿ ಹಚ್ಚುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಾಸನೆ ಕಳೆಯುವ ಉಪಾಯವಾಗಿ ಮುಚ್ಚಿದ ಕೋಣೆಯಲ್ಲಿ ಲೋಬಾನ, ಧೂಪ, ಊದುಬತ್ತಿ ಸುಟ್ಟರೆ ಇದ್ದ ಹೊಗೆಯ ಪದರದ ಮೇಲೆ ಇನ್ನೊಂದು ಹೊಗೆಯ ಪದರ ಕೂರುತ್ತದೆ, ಅಷ್ಟೇ. ಅಂಗಡಿಯ ರೂಮ್ ಫ್ರೆಶ್ನರ್ ಕೂಡ ಗೋಡೆಯಿಂದ ಏನನ್ನೂ ತೆಗೆಯುವುದಿಲ್ಲ. ಓಝೋನ್ ಯಂತ್ರ ಬಾಡಿಗೆಗೆ ತಂದು ಬಿಡಿ ಎಂಬ ಸಲಹೆಯೂ ಈಗ ಕೇಳಿಬರುತ್ತಿದೆ. ಓಝೋನ್ ಪುಪ್ಪುಸಕ್ಕೆ ಕೆಟ್ಟದ್ದು, ಅಂಟಿದ ನಿಕೋಟಿನ್ ಜೊತೆ ಕೂಡಿದರೆ ಫಾರ್ಮಾಲ್ಡಿಹೈಡಿನಂಥ ಹೊಸ ಕಿರಿಕಿರಿಗಳನ್ನು ಹುಟ್ಟಿಸುತ್ತದೆ. ಜನ ಬಾಳುವ ಮನೆಗೆ ಅದು ಬೇಡ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ್ದು ಅಡುಗೆ ಸೋಡಾದ ನಂಬಿಕೆ. ಸೋಫಾದ ಮೇಲೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಎಲ್ಲ ವಾಸನೆಯನ್ನೂ ಹೀರುತ್ತದೆ ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ನಮ್ಮ ಮನೆಗಳಲ್ಲಿರುವುದು ಒಂದು ಹೊಗೆಯಲ್ಲ, ಎರಡು, ಅವುಗಳ ಗುಣ ಒಂದಕ್ಕೊಂದು ತದ್ವಿರುದ್ಧ. ಹಳೆಯ ಕರಿದೆಣ್ಣೆಯ ಕಮಟು ವಾಸನೆಯಲ್ಲಿ ಕೊಬ್ಬಿನ ಆಮ್ಲಗಳ ಪಾಲಿದೆ. ಸೋಡಾ ಕ್ಷಾರ, ಹಾಗಾಗಿ ಆ ಆಮ್ಲವನ್ನು ಅದು ಹಿಡಿಯಬಲ್ಲದು, ಅದೂ ತಾನು ಮುಟ್ಟಿದ ಮೇಲ್ಪದರದಲ್ಲಿ ಮಾತ್ರ. ಸಿಗರೇಟಿನದು ಬೇರೆ. ನಿಕೋಟಿನ್ ಕ್ಷಾರಗುಣದ್ದು, ಆರಿದ ಸಿಗರೇಟಿನ ಆ ಕೊಳಕು ವಾಸನೆಗೆ ಬಹುಪಾಲು ಕಾರಣವಾದ ಪಿರಿಡೀನ್ ಜಾತಿಯ ವಸ್ತುಗಳೂ ಕ್ಷಾರಗುಣದವೇ. ಕ್ಷಾರವನ್ನು ಕ್ಷಾರ ಹಿಡಿಯುವುದಿಲ್ಲ. ಹುಳಿಗೆ ಸಿಕ್ಕಿದರೆ ಮಾತ್ರ ಅವು ಲವಣವಾಗಿ ಆವಿಯಾಗುವುದನ್ನು ನಿಲ್ಲಿಸುತ್ತವೆ, ನೀರಿನಲ್ಲಿ ಸಲೀಸಾಗಿ ಕರಗಿ ಹೋಗುತ್ತವೆ. ಆದ್ದರಿಂದ ಸಿಗರೇಟಿಗೆ ಬೇಕಾದದ್ದು ವಿನೆಗರ್, ಅಡುಗೆ ಹೊಗೆಗೆ ಬೇಕಾದದ್ದು ವಾಷಿಂಗ್ ಸೋಡಾದಂಥ ಕ್ಷಾರ, ಎರಡಕ್ಕೂ ಬೇಕಾದದ್ದು ಧಾರಾಳ ನೀರು. ಸುಣ್ಣ ಹೊಡೆದರೆ ಎಲ್ಲ ಶುದ್ಧ ಎಂಬ ಹಿರಿಯರ ಮಾತೂ ಇಲ್ಲೇ ಸೋಲುತ್ತದೆ. ಸುಣ್ಣ ಕಟು ಕ್ಷಾರ, ಅದರ ಕೆಳಗೆ ನಿಕೋಟಿನ್ ಆವಿಯಾಗುವ ರೂಪದಲ್ಲೇ ಉಳಿಯುತ್ತದೆ.

ಹಾಗಾದರೆ ಮೊದಲು ಯಾವ ಹೊಗೆ ಎಲ್ಲಿದೆ ಎಂದು ನೋಡಬೇಕು. ಬಿಳಿ ಬಟ್ಟೆಯನ್ನು ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಹಿಂಡಿ ಬಾಗಿಲ ಚೌಕಟ್ಟಿನ ಮೇಲಂಚನ್ನು ಒರೆಸಿ. ಹಳದಿ ಅಥವಾ ಕಂದು ಬಂದು ಬಟ್ಟೆ ಜಿಡ್ಡಾಗದಿದ್ದರೆ ಅದು ತಂಬಾಕು. ಅಡುಗೆಮನೆಯ ಕಪಾಟಿನ ತಲೆಯ ಮೇಲೆ ಬೆರಳಿಟ್ಟು ನೋಡಿ. ಧೂಳು ಅಂಟಾಗಿ ಬೆರಳಿಗೇ ಮೆತ್ತಿಕೊಂಡರೆ ಅದು ಎಣ್ಣೆ. ಎಣ್ಣೆಯ ಹೊಗೆ ಕೂತಲ್ಲೇ ಗಾಳಿಗೆ ಗಟ್ಟಿಯಾಗಿ ವಾರ್ನಿಶಿನಂತಾಗುತ್ತದೆ. ವಿನೆಗರ್ ಎಷ್ಟು ಒರೆಸಿದರೂ ಅದು ಜಗ್ಗುವುದಿಲ್ಲ.

ಕೆಲಸ ಶುರುಮಾಡುವ ದಿನ ಕಾರ್ಖಾನೆ ಕಡೆಯಿಂದ ಗಾಳಿ ಬೀಸದ ಹೊತ್ತು ನೋಡಿಕೊಳ್ಳಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಎದುರು ದಿಕ್ಕಿನ ಕಿಟಕಿಯೊಂದನ್ನು ನಾಲ್ಕು ಬೆರಳು ತೆರೆದು ಒದ್ದೆ ತೆಳು ಬಟ್ಟೆ ಕಟ್ಟಿ. ಒಳಗೆ ಗಾಳಿ ಬರುವ ದಾರಿಯೇ ಇಲ್ಲದಿದ್ದರೆ ಎಕ್ಸಾಸ್ಟ್ ಸುಮ್ಮನೆ ತಿರುಗುತ್ತದೆ, ಏನನ್ನೂ ಎಳೆಯುವುದಿಲ್ಲ. ಮುಚ್ಚಿದ ಫ್ಲ್ಯಾಟಿನಲ್ಲಿ ಬಹಳ ಜನ ಎಡವುವುದು ಇಲ್ಲಿ.

ಪರದೆಗಳನ್ನು ಮೊದಲು ಬಿಚ್ಚಿ. ಹಿಡಿದ ಹೊಗೆಯಲ್ಲಿ ಬಹಳಷ್ಟು ಬಟ್ಟೆಯಲ್ಲಿರುತ್ತದೆ, ತೊಳೆಯಲು ಸುಲಭವಾದದ್ದೂ ಬಟ್ಟೆಯೇ. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಕಟ್ಟದೆ ಬಿಳಿ ಕಿಟ್ಟವಾಗಿ ಬಟ್ಟೆಗೇ ಕೂರುತ್ತದೆ. ಅದಕ್ಕೆ ಒಂದು ಬಕೆಟ್ ಬಿಸಿನೀರಿಗೆ ಅರ್ಧ ಲೋಟ ವಾಷಿಂಗ್ ಸೋಡಾ ಹಾಕಿ, ಹತ್ತಿ ಅಥವಾ ಪಾಲಿಯೆಸ್ಟರ್ ಪರದೆಗಳನ್ನು ಎರಡು ಮೂರು ತಾಸು ನೆನೆಯಿಡಿ. ವಾಷಿಂಗ್ ಸೋಡಾ ನೀರನ್ನೂ ಮೆದು ಮಾಡುತ್ತದೆ, ಎಣ್ಣೆಯನ್ನೂ ಬಿಡಿಸುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಅದು ತಾಗಬಾರದು. ನೀರು ಕಂದಾದರೆ ಚೆಲ್ಲಿ ಮತ್ತೆ ನೆನೆಯಿಡಿ, ತಿಳಿಯಾದ ಮೇಲೆ ಸೋಪಿನಪುಡಿಯಲ್ಲಿ ಒಗೆಯಿರಿ. ಸೋಡಾ, ಸೋಪು ಪೂರ್ತಿ ಹೋಗುವಂತೆ ಜಾಲಾಡಿಸಿ, ಕೊನೆಯ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅದ್ದಿ ತೆಗೆಯಿರಿ. ಇಲ್ಲಿ ಒಂದು ಎಚ್ಚರಿಕೆ: ಬ್ಲೀಚಿಂಗ್ ದ್ರಾವಣ ಬಳಸಿದ ಬಟ್ಟೆಗಾಗಲಿ ಬಕೆಟ್ಟಿಗಾಗಲಿ ವಿನೆಗರ್ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಬಟ್ಟೆ ಒಣಗಿದ ಮೇಲೆ ಮೂಗನ್ನು ನಂಬಬೇಡಿ. ಇಡೀ ದಿನ ಆ ಮನೆಯಲ್ಲೇ ಕೆಲಸ ಮಾಡಿದವರ ಮೂಗು ವಾಸನೆಗೆ ಹೊಂದಿಕೊಂಡುಬಿಟ್ಟಿರುತ್ತದೆ. ಪರದೆಯನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ರಾತ್ರಿ ಬೆಚ್ಚಗಿನ ಜಾಗದಲ್ಲಿಟ್ಟು, ಬೆಳಿಗ್ಗೆ ಮನೆಯ ಹೊರಗೆ, ಆ ಮನೆಯವರಲ್ಲದ ಒಬ್ಬರ ಮುಂದೆ ಬಿಚ್ಚಿ. ಅವರಿಗೆ ಬಂದರೆ ವಾಸನೆ ಇನ್ನೂ ಇದೆ, ಬಟ್ಟೆ ಮತ್ತೆ ನೀರಿಗೆ ಹೋಗಬೇಕು.

ಸೋಫಾ ಕಷ್ಟದ ವಸ್ತು, ಅದರ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಹೊದಿಕೆಗೆ ಜಿಪ್ ಇದ್ದರೆ ಬಿಚ್ಚಿ ಪರದೆಯಂತೆಯೇ ಒಗೆಯಿರಿ. ಬಿಚ್ಚಲಾಗದ ಬಟ್ಟೆಯನ್ನು ವ್ಯಾಕ್ಯೂಮ್ ಮಾಡಿ, ಒಂದು ಭಾಗ ವಿನೆಗರಿಗೆ ನಾಲ್ಕು ಭಾಗ ನೀರು ಬೆರೆಸಿ ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸುತ್ತ ಬನ್ನಿ, ಬಟ್ಟೆ ಬದಲಿಸುತ್ತ ಬನ್ನಿ. ಮೊದಲು ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಒಳಗಿನ ಫೋಮಿಗೆ ನೀರು ಸುರಿಯಬೇಡಿ. ಮುಚ್ಚಿದ ಮನೆಯಲ್ಲಿ ಅದು ಒಣಗದೆ ಬೂಷ್ಟು ಹಿಡಿದು ಹೊಗೆಯ ಜೊತೆಗೆ ಮುಗ್ಗಲು ವಾಸನೆಯೂ ಸೇರುತ್ತದೆ. ಫೋಮಿನ ಒಂದು ದಿಂಬನ್ನು ಅದೇ ಚೀಲದ ಪರೀಕ್ಷೆಗೆ ಹಾಕಿ. ಹೊದಿಕೆ ತೆಗೆದ ಮೇಲೂ ವಾಸನೆ ಬಂದರೆ ಹೊಗೆ ಅದರ ರಂಧ್ರರಂಧ್ರಕ್ಕೂ ಇಳಿದಿದೆ. ಮೇಲೆ ಉದುರಿಸಿದ ಸೋಡಾ ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಹೊಸಪೇಟೆಯಲ್ಲೋ ಕೊಪ್ಪಳದಲ್ಲೋ ಸೋಫಾ ರಿಪೇರಿ ಮಾಡುವವರ ಹತ್ತಿರ ಫೋಮು ಬದಲಿಸಿ, ಮರದ ಚೌಕಟ್ಟು ಉಳಿಸಿಕೊಳ್ಳಿ. ಹತ್ತಿಯ ಗಾದಿಗೆ ಈ ಸಂಕಟವಿಲ್ಲ. ಅದನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಪಿಂಜಾರರಿಂದ ಹೊಸದಾಗಿ ಪಿಂಜಿಸಿ ತುಂಬಿಸಬಹುದು, ಖೋಳನ್ನು ಒಗೆಯಬಹುದು. ಹಳೆಯ ಗಾದಿ ಬಿಸಾಡಿ ಫೋಮಿನ ಹಾಸಿಗೆ ತಂದ ಮನೆಗಳಲ್ಲಿ ಹೊಗೆ ತೊಳೆಯುವುದು ಕಷ್ಟವಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಗೋಡೆ. ಪ್ಲಾಸ್ಟಿಕ್ ಎಮಲ್ಷನ್ ಅಥವಾ ಆಯಿಲ್ ಪೇಂಟಿನ ಗೋಡೆಯನ್ನು ತೊಳೆಯಬಹುದು. ಆರೇಳು ಲೀಟರ್ ಬೆಚ್ಚನೆ ನೀರಿಗೆ ಅರ್ಧ ಲೋಟ ವಾಷಿಂಗ್ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಕೈಗೆ ಗ್ಲೌಸ್ ಬೇಕೇ ಬೇಕು. ಮೇನ್ ಸ್ವಿಚ್ ಆರಿಸಿ, ಆ ಹೊತ್ತು ಎಕ್ಸಾಸ್ಟ್ ನಿಂತಿರಲಿ, ಅಲ್ಯುಮಿನಿಯಂ ಕಿಟಕಿ ಚೌಕಟ್ಟಿಗೆ ಸೋಡಾ ನೀರು ತಾಗದಂತೆ ನೋಡಿಕೊಳ್ಳಿ, ಅದು ಕಪ್ಪಾಗುತ್ತದೆ. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತ ಹೋಗಿ. ಮೇಲಿನಿಂದ ಶುರುಮಾಡಿದರೆ ಒಣ ಗೋಡೆಯ ಮೇಲೆ ಇಳಿದ ಕಂದು ನೀರು ಪಟ್ಟೆಪಟ್ಟೆಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಬರೀ ನೀರಿನಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಿ. ಸಿಗರೇಟಿನ ಕೋಣೆಯಾದರೆ ಸೋಡಾ ಪೂರ್ತಿ ಹೋದ ಮೇಲೆ ಒಂದಕ್ಕೆ ನಾಲ್ಕರ ವಿನೆಗರ್ ನೀರಿನಲ್ಲಿ ಒಮ್ಮೆ, ಮತ್ತೆ ಬರೀ ನೀರಿನಲ್ಲಿ ಒಮ್ಮೆ. ಒದ್ದೆಯಾದಾಗ ವಾಸನೆ ಒಮ್ಮೆಲೇ ಜೋರಾಗುತ್ತದೆ. ಕೆಲಸ ಕೆಟ್ಟಿತು ಎಂದು ನಿಲ್ಲಿಸಬೇಡಿ, ಅಂಟಿದ್ದು ಬಿಡುತ್ತಿದೆ ಎಂದರ್ಥ. ಇನ್ನೊಂದು ಮಾತು, ನಮ್ಮ ಕಡೆ ನೆಲ ಬಹುತೇಕ ಶಹಾಬಾದ್ ಕಲ್ಲಿನದು. ಅದು ಸುಣ್ಣದ ಕಲ್ಲು, ವಿನೆಗರ್ ಹನಿ ಬಿದ್ದಲ್ಲಿ ಹೊಳಪು ಸತ್ತು ಬಿಳಿ ಮಚ್ಚೆ ಉಳಿಯುತ್ತದೆ. ಹಳೆಯ ಚಾದರ, ಅದರ ಕೆಳಗೆ ಪ್ಲಾಸ್ಟಿಕ್ ಹಾಸಿಕೊಳ್ಳದೆ ಗೋಡೆ ಮುಟ್ಟಬೇಡಿ.

ಸುಣ್ಣ ಹೊಡೆದ ಗೋಡೆ ಅಥವಾ ಅಗ್ಗದ ಡಿಸ್ಟೆಂಪರ್ ಗೋಡೆಯನ್ನು ಹೀಗೆ ತೊಳೆಯಲಾಗದು, ಬಣ್ಣವೇ ರಾಡಿಯಾಗಿ ಇಳಿಯುತ್ತದೆ. ನಾನು ಹೇಳಿದ ಆ ಫ್ಲ್ಯಾಟಿನಲ್ಲಿ ಇದ್ದದ್ದೂ ಅದೇ. ಅಲ್ಲಿ ಉಳಿದ ದಾರಿ ಒಂದೇ ಆಗಿತ್ತು: ನೀರು ಚಿಮುಕಿಸಿ ನೆನೆಸಿ, ಹೊಸದು ಹಳೆಯದು ಎನ್ನದೆ ಎಲ್ಲ ಪದರಗಳನ್ನೂ ಪುಟ್ಟಿಯವರೆಗೆ ಕೆರೆದು, ಕೆರೆದದ್ದನ್ನು ಆ ದಿನವೇ ಚೀಲ ತುಂಬಿ ಹೊರಗೆ ಸಾಗಿಸುವುದು. ಗೋಡೆಯನ್ನು ಎರಡು ದಿನ ಚೆನ್ನಾಗಿ ಒಣಗಲು ಬಿಟ್ಟ ಮೇಲೆ ಪೇಂಟರು ನೀರಿನ ಪ್ರೈಮರ್ ಬಿಟ್ಟು, ಟರ್ಪೆಂಟೈನ್ ಬೆರೆಸಿ ಹೊಡೆಯುವ ಆಯಿಲ್ ಪ್ರೈಮರ್ ಹೊಡೆದರು. ನಿಕೋಟಿನ್ ಕಲೆಯನ್ನು ತಡೆಯುವಲ್ಲಿ ಈ ಆಯ್ಕೆಯೇ ಮುಖ್ಯ. ನೀರಿಗೆ ಕರಗುವ ಕಲೆಯ ಮೇಲೆ ನೀರಿನ ಪ್ರೈಮರ್ ಹೊಡೆದರೆ ಕಲೆ ಅದರ ಮೂಲಕವೇ ಏರಿ ಬರುತ್ತದೆ, ಆಯಿಲ್ ಪ್ರೈಮರಿನಲ್ಲಿ ಅದು ಕರಗುವುದಿಲ್ಲ. ಪ್ರೈಮರ್ ಒಣಗಿದ ಮೇಲೆ ಒಂದು ರಾತ್ರಿ ಬಿಟ್ಟು ನೋಡಿದಾಗ ಫ್ಯಾನಿನ ಸುತ್ತ ಮಾತ್ರ ಹಳದಿ ಮೂಡಿತ್ತು, ಅಷ್ಟು ಜಾಗಕ್ಕೆ ಇನ್ನೊಂದು ಕೋಟ್ ಬಿತ್ತು. ಅದರ ಮೇಲೆ ಹೊಡೆದದ್ದು ಸಾಮಾನ್ಯ ಎಮಲ್ಷನ್. ಮುಂದಿನ ಮಳೆಗಾಲದಲ್ಲಿ ಕಲೆ ಮರಳಲಿಲ್ಲ.

ಇಷ್ಟೆಲ್ಲ ಖರ್ಚು ಯಾರು ಹಾಕಬೇಕು ಎಂದು ಮಾಲೀಕರು ಕೇಳುವುದು ನ್ಯಾಯವೇ. ಆದರೆ ಖರ್ಚು ಈಗಲೂ ಆಗುತ್ತಿದೆ. ಮನೆ ಬಿಡುವಾಗ ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ದುಡ್ಡು ಡಿಸ್ಟೆಂಪರಿಗೆ ಹೋಗುತ್ತದೆ, ಹೊಗೆ ಉಳಿಯುತ್ತದೆ, ಮುಂದಿನವನು ಬಿಡುವಾಗ ಮತ್ತೆ ಅದೇ ಮುರಿತ. ಸೇದದವನೂ ತನ್ನದಲ್ಲದ ಹೊಗೆಗೆ ದುಡ್ಡು ಕಟ್ಟಿ ಹೋಗುತ್ತಾನೆ. ವಾಷಿಂಗ್ ಸೋಡಾ, ವಿನೆಗರ್ ಎರಡೂ ಸೇರಿದರೂ ಬಣ್ಣದ ಡಬ್ಬಿಯಷ್ಟು ಬೆಲೆಯಾಗುವುದಿಲ್ಲ. ಬೇಕಾಗುವುದು ಆಳಿನ ಕೂಲಿ, ಅದನ್ನು ಕೊಡಲು ಆ ಮುರಿತದ ಹಣವಿದೆ.

ತೊಳೆದ ಮನೆ ತೊಳೆದಂತೆಯೇ ಉಳಿಯಬೇಕಾದರೆ ಮಿರ್ಚಿ ಕರಿಯುವ ದಿನ ಒಲೆ ಹಚ್ಚುವ ಮುಂಚೆಯೇ ಎಕ್ಸಾಸ್ಟ್ ಹಾಕಿ, ಒಲೆ ಆರಿದ ಮೇಲೂ ಕಾಲು ತಾಸು ಬಿಡಿ, ಮಲಗುವ ಕೋಣೆಯ ಬಾಗಿಲು ಮುಚ್ಚಿಡಿ. ಪೈಪಿಲ್ಲದೆ ಅಡುಗೆಮನೆಯೊಳಗೇ ಗಾಳಿ ತಿರುಗಿಸುವ ಚಿಮಣಿಯ ಜಾಳಿಗೆ ಎಣ್ಣೆ ಹಿಡಿಯುತ್ತದೆ, ವಾಸನೆ ಹಿಡಿಯುವುದು ಅದರ ಇದ್ದಿಲಿನ ಫಿಲ್ಟರ್, ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ಇದ್ದೂ ಇಲ್ಲದಂತೆ. ಸಿಗರೇಟಿಗೆ ಇಂಥ ಉಪಾಯವಿಲ್ಲ. ಸೇದುವವರು ಮನೆಯ ಹೊರಗೆ ಸೇದಬೇಕು.

ಮಾಲೀಕರಲ್ಲಿ, ಬಾಡಿಗೆಗೆ ಬರುವವರಲ್ಲಿ ನನ್ನ ಕೋರಿಕೆ ಇಷ್ಟು. ಕೀಲಿ ಕೈ ಬದಲಾಗುವ ದಿನ ಇಬ್ಬರೂ ಒಟ್ಟಿಗೆ ನಿಂತು, ಬಣ್ಣ ಹೊಡೆಯುವ ಮುಂಚೆ, ಪ್ರತಿ ಕೋಣೆಯ ಬಾಗಿಲ ಮೇಲಂಚನ್ನು ಒಂದು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಹಿಡಿದ ದುಡ್ಡು ಮೊದಲು ತೊಳೆಯಲು, ಕೆರೆಯಲು ಹೋಗಲಿ. ಆ ಬಟ್ಟೆ ಬೆಳ್ಳಗೆ ಬರುವ ತನಕ ಪೇಂಟರನ್ನು ಕರೆಯಬೇಡಿ.